ಮಾರ್ಚ್‌ನಲ್ಲಿ ನಷ್ಟ ಮಾರುವ ಮುನ್ನ: ಭಾರತದ ಲೆಕ್ಕ, ಬ್ರಿಟನ್ನಿನ ಲೆಕ್ಕ

ಮಾರ್ಚ್ ಹತ್ತಿರವಾದಂತೆ ಊರಿನ ಬ್ರೋಕರ್‌ಗಳಿಂದ ಒಂದೇ ಬಗೆಯ ಸಂದೇಶ ಬರತೊಡಗುತ್ತದೆ: ನಷ್ಟದಲ್ಲಿರುವ ಷೇರು ಮಾರಿ, ತೆರಿಗೆ ಉಳಿಸಿ, ನಾಳೆ ಮತ್ತೆ ಕೊಂಡುಕೊಳ್ಳಿ. ಭಾರತದಲ್ಲೇ ಇರುವವರಿಗೆ ಈ ಮಾತು ಅರ್ಧ ಸರಿ. ನನ್ನಂತೆ ಬ್ರಿಟನ್ನಿನಲ್ಲಿ ನೆಲೆಸಿ ಊರಿನ ಡಿಮ್ಯಾಟ್ ಖಾತೆಯನ್ನು ಉಳಿಸಿಕೊಂಡವರಿಗೆ ಇದನ್ನು ಹಾಗೆಯೇ ಪಾಲಿಸಿದರೆ ಬಹಳ ಸಲ ಏನೂ ಉಳಿಯುವುದಿಲ್ಲ.

ಮೊದಲು ಭಾರತದ ಲೆಕ್ಕ ನೋಡೋಣ. ಷೇರು ವಿನಿಮಯ ಕೇಂದ್ರದಲ್ಲಿ ಮಾರಿದ ಷೇರಿಗೆ, ಹನ್ನೆರಡು ತಿಂಗಳೊಳಗಿನ ಲಾಭವಾದರೆ ಶೇ. 20 ತೆರಿಗೆ. ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡದ್ದಾದರೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ. 12.5. ಈ ದರಗಳು 2024ರ ಜುಲೈ 23ರಿಂದ ಜಾರಿಯಲ್ಲಿವೆ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭದಿಂದ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ ಕಳೆಯಬಹುದು.

ಒಬ್ಬರಿಗೆ ಈ ವರ್ಷ 2,00,000 ರೂಪಾಯಿ ಅಲ್ಪಾವಧಿ ಲಾಭ, 1,60,000 ದೀರ್ಘಾವಧಿ ಲಾಭ ಬಂದಿದೆ ಎಂದುಕೊಳ್ಳಿ. ಸಂಬಳದ ಆದಾಯ ಬೇರೆ ಇದೆ. ಸೆಸ್ ಬಿಟ್ಟು ಲೆಕ್ಕ ಹಾಕಿದರೆ ಅಲ್ಪಾವಧಿಗೆ 40,000, ದೀರ್ಘಾವಧಿಯಲ್ಲಿ 1.25 ಲಕ್ಷ ದಾಟಿದ 35,000ಕ್ಕೆ 4,375, ಒಟ್ಟು 44,375 ತೆರಿಗೆ. ಇವರ ಬಳಿ ನಾಲ್ಕು ತಿಂಗಳ ಹಿಂದೆ 820ರಂತೆ ಕೊಂಡ 500 ಷೇರುಗಳಿದ್ದು, ಈಗ ಬೆಲೆ 540 ಆಗಿದೆ. ಮಾರಿದರೆ 1,40,000 ಅಲ್ಪಾವಧಿ ನಷ್ಟ. ಆಗ ಅಲ್ಪಾವಧಿ ಲಾಭ 60,000ಕ್ಕೆ ಇಳಿದು ಅದರ ತೆರಿಗೆ 12,000 ಆಗುತ್ತದೆ. ಒಟ್ಟು ಕಟ್ಟಬೇಕಾದದ್ದು 16,375, ಉಳಿದದ್ದು 28,000.

ಮರುದಿನ ಅದೇ 500 ಷೇರನ್ನು 545ಕ್ಕೆ ಕೊಂಡರೂ ಭಾರತದ ಕಾನೂನು ಆ ನಷ್ಟವನ್ನು ಒಪ್ಪುತ್ತದೆ. ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ, ಸ್ಟ್ಯಾಂಪ್ ಶುಲ್ಕ ಸೇರಿ ಸುಮಾರು 600 ರೂಪಾಯಿ, ಅದರ ಮೇಲೆ ದಲ್ಲಾಳಿ ಮತ್ತು ಡಿಪಿ ಶುಲ್ಕ ಖರ್ಚಾಗುತ್ತದೆ. ಬ್ರೋಕರ್‌ನ ಸಂದೇಶ ಇಲ್ಲಿಗೆ ಮುಗಿಯುತ್ತದೆ, ಲೆಕ್ಕ ಮುಗಿಯುವುದಿಲ್ಲ. ಈಗ ಷೇರಿನ ಕೊಂಡ ಬೆಲೆ 820 ಅಲ್ಲ, 545. ಬೆಲೆ ಮತ್ತೆ 820ಕ್ಕೆ ಏರಿದಾಗ ಮಾರಿದರೆ, ಮೊದಲು ಇಲ್ಲದಿದ್ದ 1,37,500 ಲಾಭ ಹುಟ್ಟುತ್ತದೆ. ಹನ್ನೆರಡು ತಿಂಗಳೊಳಗೆ ಮಾರಿದರೆ ಅದಕ್ಕೆ 27,500 ತೆರಿಗೆ. ಅಂದರೆ ಉಳಿಸಿದ್ದೆಲ್ಲ ವಾಪಸ್ ಹೋಯಿತು. ಹನ್ನೆರಡು ತಿಂಗಳು ದಾಟಿಸಿ, ಬೇರೆ ದೀರ್ಘಾವಧಿ ಲಾಭವಿಲ್ಲದ ವರ್ಷದಲ್ಲಿ ಮಾರಿದರೆ 12,500ಕ್ಕೆ ಮಾತ್ರ ತೆರಿಗೆ, ಸುಮಾರು 1,563 ರೂಪಾಯಿ. ನಿಜವಾದ ಉಳಿತಾಯ ಇರುವುದು ಇಲ್ಲಿ: ಶೇ. 20ರ ಲಾಭವನ್ನು ಈಗ ಅಳಿಸಿ, ಮುಂದಿನ ಲಾಭವನ್ನು ಶೇ. 12.5ರ ಸಾಲಿಗೆ ಅಥವಾ ವಿನಾಯಿತಿಯೊಳಗೆ ತಳ್ಳುವುದರಲ್ಲಿ. ಮಾರ್ಚ್‌ನಲ್ಲಿ ಮಾರುವುದು ಅದರ ಮೊದಲ ಹೆಜ್ಜೆಯಷ್ಟೇ.

ದೀರ್ಘಾವಧಿ ನಷ್ಟದಲ್ಲಿ ಕೈಸುಡುವುದು ಬೇರೆ ಕಡೆ. ನಷ್ಟವನ್ನು ಮೊದಲು ಕಳೆದು ಆಮೇಲೆ 1.25 ಲಕ್ಷದ ವಿನಾಯಿತಿ ಕೊಡುತ್ತಾರೆ. ಇದೇ ವ್ಯಕ್ತಿ 50,000 ದೀರ್ಘಾವಧಿ ನಷ್ಟ ಮಾಡಿಕೊಂಡರೆ ಲಾಭ 1,10,000ಕ್ಕೆ ಇಳಿಯುತ್ತದೆ. ಆದರೆ 1,25,000ಕ್ಕೆ ಹೇಗೂ ತೆರಿಗೆ ಇರಲಿಲ್ಲವಲ್ಲ? 35,000 ನಷ್ಟ ಸಾಕಿತ್ತು, ಇನ್ನುಳಿದ 15,000 ಪೋಲಾಯಿತು, ಮುಂದಿನ ವರ್ಷಕ್ಕೂ ಸಿಗುವುದಿಲ್ಲ. ಹಾಗಾಗಿ 35,000 ನಷ್ಟ ಬರುವಷ್ಟೇ ಷೇರು ಮಾರಬೇಕು. ಎಲ್ಲ ಲಾಭ ಕಳೆದ ಮೇಲೂ ನಷ್ಟ ಮಿಕ್ಕಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿರಬೇಕು.

ಮಾರುವ ಮುನ್ನ ಡಿಮ್ಯಾಟ್ ಪಟ್ಟಿಯಲ್ಲಿ ಖರೀದಿಯ ದಿನಾಂಕಗಳನ್ನು ನೋಡಿ. ಅದೇ ಕಂಪನಿಯ ಹಳೆಯ ಷೇರು 300ಕ್ಕೆ ಕೊಂಡದ್ದಿದ್ದರೆ, ಮೊದಲು ಬಂದದ್ದು ಮೊದಲು ಹೋಗುತ್ತದೆ. ನಷ್ಟ ಬಯಸಿ ಮಾರಿದವರಿಗೆ ಲಾಭ ಬಂದು ಕೂರುತ್ತದೆ. ಬ್ರೋಕರ್ ತೋರಿಸುವ ಸರಾಸರಿ ಬೆಲೆ ಇದನ್ನು ಮುಚ್ಚಿಡುತ್ತದೆ. ಇನ್ನು ಮಾರಿದ ದಿನವೇ ಮರಳಿ ಕೊಂಡರೆ ಎರಡೂ ಸರಿದೂಗಿ ಇಂಟ್ರಾಡೇ ಆಗಿಬಿಡುತ್ತದೆ. ಷೇರು ಖಾತೆ ಬಿಟ್ಟು ಹೋಗುವುದಿಲ್ಲ, ಬೇಕಾದ ನಷ್ಟವೂ ಹುಟ್ಟುವುದಿಲ್ಲ. ಅನಿವಾಸಿಗಳಿಗಂತೂ ಇಂಟ್ರಾಡೇಗೆ ಅನುಮತಿಯೇ ಇಲ್ಲ. ಕೊನೆಯ ದಿನಕ್ಕೆ ಕಾಯುವುದೂ ಬೇಡ: 2025ರ ಮಾರ್ಚ್ 31 ರಂಜಾನ್ ರಜೆಯಾಗಿ, ಕೊನೆಯ ವಹಿವಾಟಿನ ದಿನ 28ನೇ ತಾರೀಖೇ ಆಗಿತ್ತು.

ಈಗ ಬ್ರಿಟನ್ನಿಗೆ ಬನ್ನಿ. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಅಲ್ಪಾವಧಿ, ದೀರ್ಘಾವಧಿ ಎಂಬ ಭೇದವಿಲ್ಲ. ವರ್ಷಕ್ಕೆ 3,000 ಪೌಂಡ್ ಲಾಭಕ್ಕೆ ವಿನಾಯಿತಿ, ಮೇಲಿನದಕ್ಕೆ ಆದಾಯದ ಮಟ್ಟ ನೋಡಿ ಶೇ. 18 ಅಥವಾ 24. ಇಲ್ಲಿನ ನಿವಾಸಿಯಾದವರು ಸಾಮಾನ್ಯವಾಗಿ ಊರಿನ ಷೇರಿನ ಲಾಭವನ್ನೂ ಇಲ್ಲಿ ತೋರಿಸಬೇಕು. ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಬೇರೆ ಆಯ್ಕೆಯಿದೆ. ಮುಖ್ಯವಾದದ್ದು ಮೂವತ್ತು ದಿನದ ನಿಯಮ: ಮಾರಿದ ಮೇಲೆ ಮೂವತ್ತು ದಿನದೊಳಗೆ ಅದೇ ಕಂಪನಿಯ ಅದೇ ವರ್ಗದ ಷೇರು ಕೊಂಡರೆ, ಮಾರಿದ ಷೇರಿಗೆ ಹಳೆಯ ಬೆಲೆಯನ್ನಲ್ಲ, ಈ ಹೊಸ ಖರೀದಿಯ ಬೆಲೆಯನ್ನೇ ಜೋಡಿಸುತ್ತಾರೆ.

ಮೇಲಿನ ಉದಾಹರಣೆಯ ಅಲ್ಪಾವಧಿ ಭಾಗವನ್ನಷ್ಟೇ ತೆಗೆದುಕೊಳ್ಳಿ. ಮಾರುವವರು ಇಲ್ಲಿ ಶೇ. 24ರ ಮಟ್ಟದಲ್ಲಿದ್ದು, 3,000 ಪೌಂಡ್ ವಿನಾಯಿತಿ ಬೇರೆ ಲಾಭಕ್ಕೆ ಖರ್ಚಾಗಿದೆ. ನಷ್ಟ ಮಾರದಿದ್ದರೆ 2,00,000ಕ್ಕೆ ಇಲ್ಲಿನ ತೆರಿಗೆ 48,000. ಭಾರತದಲ್ಲಿ ಕಟ್ಟಿದ 40,000 ಅದರಲ್ಲಿ ಕಳೆದು 8,000 ಕೊಡಬೇಕು. ಮಾರಿ ಮರುದಿನವೇ ಕೊಂಡರೆ ಭಾರತದ ತೆರಿಗೆ 12,000ಕ್ಕೆ ಇಳಿಯುತ್ತದೆ. ಆದರೆ ಇಲ್ಲಿ 540ಕ್ಕೆ ಮಾರಿದ್ದನ್ನು 545ಕ್ಕೆ ಜೋಡಿಸುವುದರಿಂದ ನಷ್ಟ ಕೇವಲ 2,500. ಇಲ್ಲಿನ ತೆರಿಗೆ 47,400, ಭಾರತದ 12,000 ಕಳೆದು 35,400 ಕಟ್ಟಬೇಕು. ಎರಡೂ ದೇಶ ಸೇರಿ ಉಳಿದದ್ದು 600 ರೂಪಾಯಿ, ಅದು ಎಸ್‌ಟಿಟಿ, ಸ್ಟ್ಯಾಂಪ್ ಶುಲ್ಕಕ್ಕೇ ಸರಿಹೋಯಿತು. ಭಾರತ ಬಿಟ್ಟುಕೊಟ್ಟ 28,000ದಲ್ಲಿ 27,400 ಬ್ರಿಟನ್ನಿನ ಖಜಾನೆಗೆ ಸೇರಿತು. ಅದೇ ಮೂವತ್ತು ದಿನ ದಾಟಿಸಿ ಕೊಂಡಿದ್ದರೆ ಪೂರ್ತಿ ನಷ್ಟ ಇಲ್ಲೂ ಸಿಕ್ಕಿ, ಎರಡೂ ಕಡೆ ಸೇರಿ ತೆರಿಗೆ 14,400ಕ್ಕೆ ನಿಲ್ಲುತ್ತಿತ್ತು. ನಿಜವಾದ ಲೆಕ್ಕದಲ್ಲಿ ಕೊಂಡ ದಿನದ ಮತ್ತು ಮಾರಿದ ದಿನದ ವಿನಿಮಯ ದರದಲ್ಲಿ ಪೌಂಡ್‌ಗೆ ಬದಲಿಸಬೇಕಾದ್ದರಿಂದ ಅಂಕಿಗಳು ಸ್ವಲ್ಪ ಸರಿಯುತ್ತವೆ.

ವರ್ಷದ ಎಲ್ಲ ಲಾಭವೂ 3,000 ಪೌಂಡ್‌ನೊಳಗಿದ್ದರೆ ಈ ತೊಡಕಿಲ್ಲ; ಆಗ ಭಾರತದಲ್ಲಿ ಉಳಿಸಿದ್ದು ಉಳಿದಂತೆಯೇ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಬ್ರಿಟನ್ನಿನ ನಿಯಮವೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಷೇರನ್ನು ಬಿಡದೆ ನಷ್ಟ ಮಾತ್ರ ಪಡೆಯಲು ಅದು ಬಿಡುವುದಿಲ್ಲ. ಆ ಷೇರು ನಿಜಕ್ಕೂ ಬೇಕೇ ಎಂದು ಯೋಚಿಸಲು ಒಂದು ತಿಂಗಳು ಸಿಗುತ್ತದೆ. ಆ ತಿಂಗಳು ಮಾರುಕಟ್ಟೆಯಿಂದ ಹೊರಗಿರಲು ಹೆದರುವವರು ಅದೇ ವಲಯದ ಬೇರೆ ಕಂಪನಿಯ ಷೇರು ಕೊಳ್ಳಬಹುದು, ನಿಯಮ ಅದನ್ನು ತಡೆಯುವುದಿಲ್ಲ. ಭಾರತದ ಸಡಿಲಿಕೆ ಸಣ್ಣ ಹೂಡಿಕೆದಾರರಿಗೆ ಅನುಕೂಲವೇ, ಅದು ಹೋಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಉಳಿತಾಯದ ಪಕ್ಕದಲ್ಲೇ ಹೊಸ ಕೊಂಡ ಬೆಲೆಯನ್ನೂ ಹನ್ನೆರಡು ತಿಂಗಳು ತುಂಬುವ ದಿನಾಂಕವನ್ನೂ ಬ್ರೋಕರ್‌ಗಳು ತೋರಿಸಬೇಕು.

ಇಲ್ಲಿರುವ ಕನ್ನಡಿಗರಿಗೆ ನನ್ನ ಸಲಹೆ: ಊರಿನ ಷೇರಿಗೂ ಇಲ್ಲಿನ ಮೂವತ್ತು ದಿನವನ್ನೇ ಪಾಲಿಸಿ, ಮಾರ್ಚ್ ಮುಗಿಯುವುದರೊಳಗೆ ಮಾರಿ. ಏಪ್ರಿಲ್ 1ರಿಂದ 5ರೊಳಗೆ ಮಾರಿದರೆ ನಷ್ಟ ಇಲ್ಲಿ ಹಳೆಯ ವರ್ಷಕ್ಕೆ, ಭಾರತದಲ್ಲಿ ಹೊಸ ವರ್ಷಕ್ಕೆ ಸೇರುತ್ತದೆ. ವರ್ಷದ ಆರಂಭದ ಲಾಭಕ್ಕೆ ಊರಲ್ಲಿ ಆಗಲೇ ಟಿಡಿಎಸ್ ಹಿಡಿದಿರುತ್ತಾರೆ. ಮಾರ್ಚ್‌ನ ನಷ್ಟದಿಂದ ಅದು ತಾನಾಗಿ ಮರಳುವುದಿಲ್ಲ, ರಿಟರ್ನ್ ಸಲ್ಲಿಸಿ ಕೇಳಬೇಕು. ಬ್ರಿಟನ್ನಿನಲ್ಲೂ ನಷ್ಟವನ್ನು ನಾಲ್ಕು ವರ್ಷದೊಳಗೆ ಘೋಷಿಸಿದರೆ ಮಾತ್ರ ಅದು ಮುಂದಿನ ಲಾಭಕ್ಕೆ ಒದಗುತ್ತದೆ.