ಐದಕ್ಕೆ ಬಿಡುವ ಲ್ಯಾಬು, ಐದೂಕಾಲಿನ ಬಸ್ಸು

ಬಳ್ಳಾರಿಯ ಕಾಲೇಜೊಂದರ ನೋಟಿಸ್ ಬೋರ್ಡಿಗೆ ಈ ಸೆಮಿಸ್ಟರಿನ ಐದನೇ ವೇಳಾಪಟ್ಟಿ ಬಂದಿದೆ. ಹೆಸರು `TT_FINAL_revised2.pdf`. ಇದಕ್ಕೆ ಮುಂಚೆ ಬರೀ FINAL ಒಂದಿತ್ತು, ಅದಕ್ಕೂ ಮುಂಚಿನದು ತಾತ್ಕಾಲಿಕ. ಐದರಲ್ಲಿ ಅತ್ಯಂತ ಗಟ್ಟಿಯಾಗಿ ನಿಂತದ್ದು ಆ ತಾತ್ಕಾಲಿಕದ್ದೇ, ಪೂರಾ ಹನ್ನೊಂದು ದಿನ ಬಾಳಿತು. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಕಾಲೇಜಿನವರು ನಮ್ಮನ್ನೇಕೆ ಬಿಟ್ಟಿರಿ ಎಂದು ಮುನಿಸಿಕೊಂಡಾರು.

ನನ್ನ ಅಕ್ಕನ ಮಗಳು ಅಲ್ಲಿ ಬಿಎಸ್‌ಸಿ ಓದುತ್ತಾಳೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್. ಊರು ಕುರುಗೋಡಿನ ಆಚೆ. ಮೊನ್ನೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದುಕೊಂಡು ಕೂತಿದ್ದಳು. ರಂಗೋಲಿ ಏನವ್ವಾ ಎಂದೆ. "ಟೈಂಟೇಬಲ್ ಮಾಮಾ. ಕಾಲೇಜಿನವ್ರು ಮಾಡ್ಯಾರ, ಆದ್ರ ನಾ ಇನ್ನೊಮ್ಮೆ ಮಾಡ್ಕೋಬೇಕು" ಎಂದಳು.

ಲೆಕ್ಕ ನೋಡಿದರೆ ಕಾಲೇಜಿನವರಿಗೆ ಕೈ ಮುಗಿಯಬೇಕು. ಮೂರು ಮುಖ್ಯ ವಿಷಯ, ಒಂದೊಂದಕ್ಕೂ ವಾರಕ್ಕೆ 4 ಗಂಟೆ ಪಾಠ, 4 ಗಂಟೆ ಪ್ರಯೋಗ. ಅಲ್ಲಿಗೆ 24. ಕನ್ನಡ, ಇಂಗ್ಲಿಷ್ ಸೇರಿ 8. ಐಚ್ಛಿಕ ವಿಷಯ 2. ಒಟ್ಟು 34. ಕಾಲೇಜು ನಡೆಯುವುದು ಐದು ದಿನ ಆರಾರು ಗಂಟೆ, ಶನಿವಾರ ನಾಲ್ಕು. ಅದೂ 34! ಮದುವೆ ಜಾತಕ ಕೂಡಿಬಂದ ಹಾಗೆ. ಒಂದೇ ತೊಂದರೆ ಎಂದರೆ ಮಧ್ಯಾಹ್ನದ ಪಾಳಿ 2ರಿಂದ 5, ಅಂದರೆ ಮೂರೇ ಗಂಟೆ. ನಾಲ್ಕು ಗಂಟೆಯ ಲ್ಯಾಬು ಅದರೊಳಗೆ ಹಿಡಿಸಬೇಕಲ್ಲ. ಹಾಗಾಗಿ ಅದು ಊಟದ ಗಂಟೆಯನ್ನು ತಿಂದುಕೊಂಡು 1ಕ್ಕೇ ಶುರುವಾಗುತ್ತದೆ. ಹುಡುಗರು ಉಣ್ಣದಿದ್ದರೂ ಲ್ಯಾಬಿಗೆ ಹೊಟ್ಟೆ ತುಂಬುತ್ತದೆ.

ಅವಳ ರಂಗೋಲಿಗೆ ಒಂದು ಕ್ರಮವಿತ್ತು. ಮೊದಲು ಮೂರು ಲ್ಯಾಬುಗಳನ್ನು ತುಂಬಿದಳು: ಸೋಮವಾರ ಫಿಸಿಕ್ಸು, ಬುಧವಾರ ಕಂಪ್ಯೂಟರು, ಗುರುವಾರ ಕೆಮಿಸ್ಟ್ರಿ. ಅವು ಉದ್ದ, ಅತ್ತಿತ್ತ ಸರಿಸಲು ಬರುವುದಿಲ್ಲ. ಆಮೇಲೆ ಒಂದೇ ಒಂದು ತರಗತಿ ಇರುವ ವಿಷಯಗಳು. ಕೊನೆಗೆ ಎರಡು ಮೂರು ಸೆಕ್ಷನ್ ಇರುವ ಭಾಷೆಗಳು, ಏಕೆಂದರೆ ಒಂದು ಸೆಕ್ಷನ್ ಒಗ್ಗದಿದ್ದರೆ ಇನ್ನೊಂದಕ್ಕೆ ಜಿಗಿಯಬಹುದು. ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಒಗ್ಗರಣೆ ಮಿರ್ಚಿ ಮಾಡುವಾತನೂ ಇದನ್ನೇ ಮಾಡುತ್ತಾನೆ. ಮೊದಲು ಎಣ್ಣೆ ಕಾಯಲಿಕ್ಕಿಟ್ಟು, ಆಮೇಲೆ ಹಿಟ್ಟು ಕಲಸಿ, ಗಿರಾಕಿ ಬಂದು ನಿಂತ ಮೇಲೆಯೇ ಮಂಡಕ್ಕಿ ನೀರಿಗೆ ಹಾಕಿ ಹಿಂಡುತ್ತಾನೆ. ಮೊದಲೇ ನೆನೆಸಿಟ್ಟರೆ ಮುದ್ದೆಯಾಗುತ್ತದೆ ಎನ್ನುವುದು ಅವನಿಗೆ ಗೊತ್ತು. ಮಿರ್ಚಿ ಎಣ್ಣೆಯಲ್ಲಿ ಹೊಮ್ಮುವಾಗಲೇ ಒಗ್ಗರಣೆ ತಟ್ಟೆಗೆ ಬಿದ್ದಿರುತ್ತದೆ, ಮೇಲೆ ಪುಟಾಣಿ ಪುಡಿ. ಇಪ್ಪತ್ತು ವರ್ಷದಲ್ಲಿ ಅವನ ಅಂಗಡಿಯಲ್ಲಿ ಪರಿಷ್ಕೃತ ಮಿರ್ಚಿ, ಅಂತಿಮ ಮಿರ್ಚಿ ಎಂದು ನಾನು ಕಂಡಿಲ್ಲ. ವೇಳಾಪಟ್ಟಿ ಸಮಿತಿಗೆ ಅವನನ್ನು ಅಧ್ಯಕ್ಷ ಮಾಡಬಹುದಿತ್ತು. ಪಿಎಚ್‌ಡಿ ಇಲ್ಲ, ಏನು ಮಾಡುವುದು.

ಸಮಿತಿಯವರನ್ನೂ ಪೂರ್ತಿ ಬೈಯುವಂತಿಲ್ಲ. ಹಿಂದೆ ಪಿಸಿಎಂ, ಸಿಬಿಜೆಡ್ ಎಂದು ನಾಲ್ಕಾರು ಜೋಡಣೆಗಳಿದ್ದವು. ಗಣಿತದ ಹುಡುಗ ಸಸ್ಯಶಾಸ್ತ್ರದ ಕೋಣೆಯ ಕಡೆ ತಲೆ ಹಾಕುತ್ತಿರಲಿಲ್ಲ, ಹಾಗಾಗಿ ಎರಡೂ ಪಾಠ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ಈಗ ಎಂಟು ವಿಷಯಗಳಲ್ಲಿ ಬೇಕಾದ ಮೂರನ್ನು ಆರಿಸಿಕೋ ಎಂದರೆ 56 ಬಗೆಯ ವಿದ್ಯಾರ್ಥಿಗಳಾದರು. ಗಣಿತ, ಸಸ್ಯಶಾಸ್ತ್ರ ಎರಡೂ ಬೇಕೆನ್ನುವ ಒಬ್ಬನೇ ಒಬ್ಬ ಮಹಾನುಭಾವ ಬಂದರೂ ಸಾಕು, ಆ ಎರಡು ಪಾಠ ಇನ್ನು ಒಂದೇ ಹೊತ್ತಿನಲ್ಲಿ ಕೂರುವಂತಿಲ್ಲ. ಆಯ್ಕೆ ಹೆಚ್ಚಿತು, ವಾರಕ್ಕೆ ದಿನ ಮಾತ್ರ ಹೆಚ್ಚಲಿಲ್ಲ. ಜೊತೆಗೆ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವೇ ಸಾಕು ಎಂದಾಯಿತು. ಆ ವರ್ಷ ಸೇರಿದವರಿಗೆ ಹೊಸ ಪದ್ಧತಿ, ಅವರ ಸೀನಿಯರುಗಳಿಗೆ ಹಳೆಯದು. ಒಂದೇ ಕಾರಿಡಾರಿನಲ್ಲಿ ಎರಡು ಪಂಚಾಂಗ.

ಐಚ್ಛಿಕಕ್ಕೆ ಮಾತ್ರ ಸಮಿತಿ ಒಳ್ಳೆಯ ಬುದ್ಧಿಯನ್ನೇ ಓಡಿಸಿತ್ತು. ಯಾವ ವಿಷಯ ಆರಿಸಿದರೂ ಡಿಕ್ಕಿ ಆಗಬಾರದೆಂದು ಎಲ್ಲರಿಗೂ ಒಂದೇ ಹೊತ್ತು: ಮಂಗಳವಾರ, ಗುರುವಾರ 2ರಿಂದ 3. ಆ ಹೊತ್ತಿನಲ್ಲಿ ಬೇರೇನೂ ಇಡದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಲ್ಯಾಬಿನ ಪಟ್ಟಿ ಮಾಡುವವರು ವಿಭಾಗದವರು, ಪಾಠದ ಪಟ್ಟಿ ಸಮಿತಿಯದ್ದು. ಇವರ ಹಾಳೆಯನ್ನು ಅವರು ನೋಡಿಲ್ಲ. ಕೆಮಿಸ್ಟ್ರಿಯ ಬಿ1 ಬ್ಯಾಚು ಗುರುವಾರ 1ರಿಂದ 5. ಇವಳು ಬಿ1. ಎರಡು ಹಾಳೆಯನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಿದ್ದರೆ ಕಾಣುತ್ತಿತ್ತು. ನಮ್ಮ ಬಳ್ಳಾರಿಯಲ್ಲಿ ಬಿಸಿಲಿಗೇನು ಬರವೇ?

ಆಫೀಸಿನಲ್ಲಿ ಕೇಳಿದ್ದಕ್ಕೆ "ಅದು ಸಿಸ್ಟಂನಾಗ ಹಂಗ ಬಂದೈತ್ರಿ" ಎಂದರು. ಸಿಸ್ಟಂ ಎಂಬ ಆ ಪುಣ್ಯಾತ್ಮ ಎಲ್ಲಿ ಕೂರುತ್ತಾನೆಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಸರ್ವರ್ ಡೌನ್ ಆಯಿತು.

ಇದು ಕಾಗದದ ಮೇಲೆ ಕಾಣುವ ಡಿಕ್ಕಿ. ಕಾಣದ್ದು ಇನ್ನೊಂದಿದೆ. ಲ್ಯಾಬು 5ಕ್ಕೆ ಮುಗಿಯುತ್ತದೆ. ಅವಳ ಬಸ್ಸು 5.15ಕ್ಕೆ. ಕಾಲೇಜಿನಿಂದ ಬಸ್‌ಸ್ಟ್ಯಾಂಡಿಗೆ ನಡೆದರೆ 25 ನಿಮಿಷ. ಮುಂದಿನ ಬಸ್ಸು 6.45ಕ್ಕೆ, ಮನೆ ಮುಟ್ಟುವಾಗ ಎಂಟು ದಾಟಿರುತ್ತದೆ. ಅದಕ್ಕೇ ಅವಳ ರಂಗೋಲಿಯಲ್ಲಿ 5ರ ಆಚೆಗೂ ಅರ್ಧ ಗಂಟೆಯ ಕೆಂಪು ಮನೆ ಇತ್ತು. ಕಾಲೇಜಿನ ಪಟ್ಟಿಯಲ್ಲಿ ಅಂಥದ್ದು ಇಲ್ಲ. ಅದನ್ನು ಬರೆದವರ ಬೈಕು ಗೇಟಿನ ಒಳಗೇ ನಿಂತಿರುತ್ತದೆ.

ಬೇಗ ಹೊರಡು ಅನ್ನುತ್ತೀರಾ? ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ಕ್ಷಾರ ಬಿಡುತ್ತ, ಫ್ಲಾಸ್ಕು ತಿರುವುತ್ತ, ತಿಳಿ ಗುಲಾಬಿ ಬಣ್ಣಕ್ಕೆ ಕಾಯುತ್ತಿರುವವಳ ಕಣ್ಣು ಗಡಿಯಾರದ ಮೇಲೆ ಹೋದರೆ ಒಂದು ಹನಿ ಜಾಸ್ತಿ ಬೀಳುತ್ತದೆ. ಬಣ್ಣ ಗಾಢವಾಯಿತೆಂದರೆ ಮೊದಲಿನಿಂದ ಶುರು. ಹೇಗೋ ಮುಗಿಸಿದರೂ ರೆಕಾರ್ಡಿಗೆ ಸಹಿ ಬೀಳುವುದು ಕೊನೆಯಲ್ಲಿ, ಹಾಜರಿ ಅದರ ಜೊತೆಗೇ. ಸಹಿ ಇಲ್ಲದೆ ಎದ್ದರೆ ಆ ದಿನ ಬಂದೇ ಇಲ್ಲ ಎಂದು ಲೆಕ್ಕ. ಸೆಮಿಸ್ಟರಿಗೆ 14 ಲ್ಯಾಬು ಸಿಕ್ಕರೆ 75 ಪರ್ಸೆಂಟಿಗೆ 11 ಬೇಕು. ಬಸ್ಸಿಗಾಗಿ ಮೂರು ಸಲ ಎದ್ದು ಹೋಗಬಹುದು, ನಾಲ್ಕನೇ ಸಲ ಪರೀಕ್ಷೆಯೇ ಹೋಗುತ್ತದೆ.

ಇಲ್ಲಿ ನನಗೆ ನಗು ಬರುವುದಿಲ್ಲ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಒಳ್ಳೆಯದು. ಆದರೆ ಕತ್ತಲಾದ ಮೇಲೆ ಮುಖ್ಯರಸ್ತೆಯಲ್ಲಿ ಇಳಿದು ಮೊಬೈಲ್ ಬೆಳಕಿನಲ್ಲಿ ಊರೊಳಗೆ ನಡೆಯುವ ಹುಡುಗಿಯ ದಾರಿ ಕಾಯುತ್ತ ಅಕ್ಕ ದಿನಾ ಬಾಗಿಲಲ್ಲಿ ನಿಲ್ಲುತ್ತಾಳೆ. "ಇಷ್ಟು ತ್ರಾಸು ಪಟ್ಟು ಯಾಕ ಓದ್ಬೇಕು" ಎಂದು ಭಾವ ಎರಡು ಸಲ ಅಂದಾಗಿದೆ. ಮೂರನೇ ಸಲ ಅಂದರೆ ಅವಳ ವೇಳಾಪಟ್ಟಿ ಪೂರ್ತಿ ಖಾಲಿ, ಎಲ್ಲೂ ಡಿಕ್ಕಿ ಇಲ್ಲ. ಲ್ಯಾಬನ್ನು ಬೆಳಿಗ್ಗೆ 10ಕ್ಕೆ ಇಟ್ಟು ಪಾಠವನ್ನು ಮಧ್ಯಾಹ್ನಕ್ಕೆ ತಂದಿದ್ದರೆ ಏನು ಗಂಟು ಹೋಗುತ್ತಿತ್ತು? ಕೊನೆಯ ಪಾಠ ಹತ್ತು ನಿಮಿಷ ಮೊದಲು ಬಿಟ್ಟರೆ ಹುಡುಗರು ಓಡಿಯಾದರೂ ಬಸ್ಸು ಹಿಡಿಯುತ್ತಾರೆ. ಟೈಟ್ರೇಷನ್ನು ಹಾಗೆ ಬಿಡುವುದಿಲ್ಲ.

ಇರಲಿ. ಬಸ್ಸಿನದ್ದು ಬಗೆಹರಿಯಲಿಲ್ಲ, ಗುರುವಾರದ ಡಿಕ್ಕಿಗೆ ಅವಳೇ ದಾರಿ ಹುಡುಕಿದ್ದಾಳೆ. ಕೆಮಿಸ್ಟ್ರಿ ಬಿ2 ಬ್ಯಾಚು ಶುಕ್ರವಾರ, ಅವತ್ತು ಮಧ್ಯಾಹ್ನ ಇವಳಿಗೆ ಬಿಡುವು. ಬಿ2ದಲ್ಲಿ ಕೌಲ್ ಬಜಾರಿನ ಒಬ್ಬಳಿದ್ದಾಳೆ. ಅವಳ ಐಚ್ಛಿಕ ವಿಷಯಕ್ಕೆ ಮೇಷ್ಟ್ರು ಬರಲಿಲ್ಲವೆಂದು ಅದು ರದ್ದಾಗಿದೆ, ಹಾಗಾಗಿ ಗುರುವಾರ ಆದರೂ ಅವಳಿಗೆ ನಡೆಯುತ್ತದೆ. ಇಬ್ಬರೂ ಅದಲು ಬದಲಾಗಲು ಒಪ್ಪಿ ಅರ್ಜಿ ಬರೆದಿದ್ದಾರೆ. ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕು, ವಿದ್ಯಾರ್ಥಿ ಖುದ್ದಾಗಿ ಬರಬೇಕು.

ಮುಖ್ಯಸ್ಥರು ವಿದ್ಯಾರ್ಥಿಗಳಿಗೆ ಸಿಗುವ ವೇಳೆ ಅವರ ಬಾಗಿಲ ಮೇಲೆ ಅಂಟಿಸಿದೆ: ಗುರುವಾರ, 2ರಿಂದ 3.