ಬಾಣಂತಿ ಅಳು: ಎಷ್ಟು ದಿನ ಕಾಯಬಹುದು?

ಒಂದು ಫಾರ್ವರ್ಡ್ ಮೆಸೇಜ್ ಹೀಗನ್ನುತ್ತೆ: "ಹೆರಿಗೆ ಆದ್ಮೇಲೆ ಅಳು ಎಲ್ಲರಿಗೂ ಬರುತ್ತೆ, ತಾನಾಗೇ ಹೋಗುತ್ತೆ, ಡಾಕ್ಟರ್ ಬೇಡ."

ಅರ್ಧ ನಿಜ. ಎರಡು ಮೂರನೇ ದಿನ ಶುರುವಾಗುವ ಅಳು, ಸಿಡಿಮಿಡಿ ಸಾಮಾನ್ಯವಾಗಿ 2 ವಾರದೊಳಗೆ ತಣ್ಣಗಾಗುತ್ತೆ, ನಡುವೆ ನಗುವೂ ಬರುತ್ತೆ. ಆದರೆ ಫಾರ್ವರ್ಡ್‌ನಲ್ಲಿ ದಿನದ ಲೆಕ್ಕವೇ ಇಲ್ಲ, ತಪ್ಪಿರೋದು ಅಲ್ಲೇ.

ಮೂರನೇ ವಾರದ ಒಬ್ಬ ತಾಯಿಯನ್ನು ನೋಡಿ. ಮಗು ಮಲಗಿದೆ, ನೋಡಿಕೊಳ್ಳೋಕೆ ಜನ ಇದ್ದಾರೆ, ಆದರೂ ಅವರಿಗೆ ನಿದ್ದೆ ಹತ್ತುತ್ತಿಲ್ಲ. ಯಾವುದರಲ್ಲೂ ಮನಸ್ಸಿಲ್ಲ, "ನಾನು ಒಳ್ಳೆ ತಾಯಿ ಅಲ್ಲ" ಅನ್ನೋ ಯೋಚನೆ ದಿನವಿಡೀ. ಇದು ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಿ. ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದು, ಅಪ್ಪಂದಿರಿಗೂ ಬರುತ್ತೆ. ಚಿಕಿತ್ಸೆ ಇದೆ, ಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ.

ತನಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ, ಇಲ್ಲದ ದನಿ ಕೇಳಿಸುವುದು, ವಿಪರೀತ ಗೊಂದಲ ಇದ್ದರೆ 2 ವಾರ ಕಾಯಬೇಡಿ. ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂಥ ಮೆಸೇಜ್ ಬಂದಾಗ ಎಷ್ಟು ದಿನ, ಯಾವ ಲಕ್ಷಣಕ್ಕೆ ಡಾಕ್ಟರ್ ಬೇಕು ಅಂತ ಬರೆದಿದೆಯಾ ನೋಡಿ. ಇಲ್ಲವಾದರೆ ವಿಶ್ವ ಆರೋಗ್ಯ ಸಂಸ್ಥೆಯ ಪುಟದಲ್ಲಿ ಹುಡುಕಿ, ಅಥವಾ ಮಗುವಿನ ಲಸಿಕೆಗೆ ಹೋದಾಗ ನರ್ಸ್ ಹತ್ತಿರ ಕೇಳಿ. ಬಾಣಂತಿಯ ಖಿನ್ನತೆ ಗುರುತಿಸೋಕೆ ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ, ಕಳೆದ 7 ದಿನದ ಬಗ್ಗೆ 10 ಪ್ರಶ್ನೆ, ಅದನ್ನು ತುಂಬಿಸಿ ಡಾಕ್ಟರಿಗೆ ತೋರಿಸಬಹುದು.