ಹಣ ಬಂದಿದೆ ಎಂದು ಯಾರ ಫೋನು ಹೇಳಬೇಕು?

ನಕಲಿ ಪಾವತಿ ಸ್ಕ್ರೀನ್‌ಶಾಟ್‌ಗಳನ್ನು ಗುರುತಿಸುವುದು ಹೇಗೆ ಎಂದು ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಸಲಹೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಅಕ್ಷರಗಳ ಗಾತ್ರ ನೋಡಿ, ಬಣ್ಣ ನೋಡಿ, ಕಾಗುಣಿತದ ತಪ್ಪು ಹುಡುಕಿ. ಇವು ಒಳ್ಳೆಯ ಉದ್ದೇಶದಿಂದ ಬರೆದವೇ ಆದರೂ ಅಂಗಡಿಯವರನ್ನು ತಪ್ಪು ಕಡೆಗೆ ನೋಡಲು ಕಲಿಸುತ್ತಿವೆ ಎಂಬುದು ನನ್ನ ಅಭಿಪ್ರಾಯ. ಗ್ರಾಹಕರ ಪರದೆಯನ್ನು ಎಷ್ಟೇ ಸೂಕ್ಷ್ಮವಾಗಿ ಪರೀಕ್ಷಿಸಿದರೂ ಅದರಿಂದ ತಿಳಿಯುವುದು ಗ್ರಾಹಕರ ಪರದೆಯ ವಿಷಯ ಮಾತ್ರ. ನಮ್ಮ ಖಾತೆಗೆ ಹಣ ಬಂದಿದೆಯೇ ಎಂಬುದನ್ನು ಅದು ಹೇಳಲಾರದು.

ಇದಕ್ಕೆ ಕಾರಣ ತಿಳಿಯಬೇಕಾದರೆ ನಕಲಿ ಪರದೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಹಿಂದೆಂದೋ ಮಾಡಿದ ನಿಜವಾದ ಪಾವತಿಯ ಚಿತ್ರವನ್ನು ತೆಗೆದುಕೊಂಡು, ಹೆಸರು, ಮೊತ್ತ, ದಿನಾಂಕಗಳನ್ನು ತಿದ್ದುವುದು ಹಳೆಯ ದಾರಿ. ಅದಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು ಪಾವತಿ ಆ್ಯಪ್‌ಗಳನ್ನೇ ಹೋಲುವ ನಕಲಿ ಆ್ಯಪ್. ಇದರಲ್ಲಿ ಚಿತ್ರ ತಿದ್ದುವ ಕೆಲಸವೇ ಇಲ್ಲ. ವ್ಯಕ್ತಿ ನಿಮ್ಮ ಕಣ್ಣೆದುರೇ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುತ್ತಾನೆ, ಮೊತ್ತ ಒತ್ತುತ್ತಾನೆ, ಪಿನ್ ಹಾಕಿದಂತೆ ಮಾಡುತ್ತಾನೆ. ಹಸಿರು ಟಿಕ್ಕು ಮೂಡುತ್ತದೆ, ಶಬ್ದವೂ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಪರದೆಯ ಮೇಲೆ ನಿಮ್ಮದೇ ಅಂಗಡಿಯ ಹೆಸರು ಇರುತ್ತದೆ. ಬಹಳ ಮಂದಿ ನಂಬುವುದು ಈ ಹೆಸರನ್ನು ನೋಡಿಯೇ. ಆದರೆ ಯುಪಿಐ ಕ್ಯೂಆರ್ ಕೋಡಿನ ಒಳಗೆ ಇರುವುದು ಸುಮಾರಾಗಿ ಇಂಥ ಒಂದು ಸಾಲು:

```
upi://pay?pa=angadi@bank&pn=Angadi%20Hesaru&cu=INR
```

ಇದರಲ್ಲಿ `pa` ಎಂಬುದು ಹಣ ತಲುಪಬೇಕಾದ ವಿಳಾಸ, `pn` ಎಂಬುದು ಪಡೆಯುವವರ ಹೆಸರು. ಎರಡೂ ಯಾವ ಗುಟ್ಟೂ ಇಲ್ಲದ ಸಾದಾ ಬರಹ. ಕ್ಯೂಆರ್ ಓದಬಲ್ಲ ಯಾವ ಆ್ಯಪ್ ಬೇಕಾದರೂ, ಬ್ಯಾಂಕಿನ ಜೊತೆ ಯಾವ ಸಂಪರ್ಕವೂ ಇಲ್ಲದೆ, ಈ ಹೆಸರನ್ನು ಎತ್ತಿಕೊಂಡು ತನ್ನ ಪರದೆಯ ಮೇಲೆ ದೊಡ್ಡದಾಗಿ ತೋರಿಸಬಹುದು. ಆದ್ದರಿಂದ "ನನ್ನ ಅಂಗಡಿಯ ಹೆಸರೇ ಬಂತಲ್ಲ" ಎಂಬುದು ಹಣ ಬಂದುದಕ್ಕೆ ಸಾಕ್ಷಿಯಾಗುವುದಿಲ್ಲ.

ಮೂರನೆಯದು ವಂಚನೆಯೇ ಆಗಿರಬೇಕೆಂದಿಲ್ಲ. ಪಾವತಿ ಇನ್ನೂ ಪ್ರಕ್ರಿಯೆಯಲ್ಲಿದೆ ಎಂದು ತೋರಿಸುವ ನಿಜವಾದ ಪರದೆ ಅದು. ಗ್ರಾಹಕರ ಖಾತೆಯಿಂದ ಹಣ ಕಡಿತವಾಗಿ ನಮಗೆ ತಲುಪದೇ ಇರುವುದು ಅಪರೂಪವೇನಲ್ಲ. ಇಂಥ ಹಣವನ್ನು ಅಂಗಡಿಗೆ ಮಾಡಿದ ಪಾವತಿಯಾದರೆ 5 ದಿನಗಳ ಒಳಗೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ತಾನಾಗಿ ಗ್ರಾಹಕರ ಖಾತೆಗೆ ಮರಳಿಸಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಈ ಒಂದು ಮಾಹಿತಿ ಕೌಂಟರಿನಲ್ಲಿ ಇರುವವರಿಗೆ ತಿಳಿದಿದ್ದರೆ ಜಗಳದ ಅಗತ್ಯವೇ ಬೀಳುವುದಿಲ್ಲ. "ನಿಮ್ಮದು ಕಡಿತವಾಗಿರಬಹುದು ಸರ್, ಆದರೆ ನಮಗೆ ಬಂದಿಲ್ಲ, ನಮಗೆ ಬರದಿದ್ದರೆ ಅದು ನಿಮ್ಮ ಖಾತೆಗೇ ವಾಪಸ್ ಬರುತ್ತದೆ, ಈಗ ನಗದು ಕೊಡಿ ಅಥವಾ ಬೇರೆ ಖಾತೆಯಿಂದ ಕಳಿಸಿ" ಎಂದು ಹೇಳಿದರೆ ಪ್ರಾಮಾಣಿಕ ಗ್ರಾಹಕರಿಗೆ ಅವಮಾನವೂ ಆಗುವುದಿಲ್ಲ, ವಂಚಕನಿಗೆ ವಾದ ಮಾಡಲು ಜಾಗವೂ ಉಳಿಯುವುದಿಲ್ಲ.

ಹಾಗಾದರೆ ಇಷ್ಟು ಸರಳವಾದ ವಿಷಯದಲ್ಲಿ ಅಂಗಡಿಗಳು ಮೋಸ ಹೋಗುವುದು ಏಕೆ? ಒಂದು ಸಾಮಾನ್ಯ ಸನ್ನಿವೇಶವನ್ನು ಬಿಡಿಸಿ ನೋಡೋಣ. ಸಂಜೆಯ ಜನಜಂಗುಳಿ, ಮಾಲೀಕರು ಹೊರಗೆ ಹೋಗಿದ್ದಾರೆ, ಕೌಂಟರಿನಲ್ಲಿ ಕೆಲಸದ ಹುಡುಗನೊಬ್ಬನೇ ಇದ್ದಾನೆ. ಒಬ್ಬ ವ್ಯಕ್ತಿ 2,350 ರೂಪಾಯಿಯ ಸಾಮಾನು ಆರಿಸಿ, ಸ್ಕ್ಯಾನ್ ಮಾಡಿ, ಪರದೆ ತೋರಿಸುತ್ತಾನೆ. ಹುಡುಗನಿಗೆ ಹಣ ಬಂದಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲ, ಏಕೆಂದರೆ ಸಂದೇಶ ಬರುವುದು ಮಾಲೀಕರ ಜೇಬಿನಲ್ಲಿರುವ ಫೋನಿಗೆ. ಅವನು ಕರೆ ಮಾಡುತ್ತಾನೆ, ಮಾಲೀಕರು ವಾಹನ ಓಡಿಸುತ್ತಿರುವುದರಿಂದ ಎತ್ತುವುದಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ. "ಬೇಕಾದರೆ ಸ್ಕ್ರೀನ್‌ಶಾಟ್ ಕಳಿಸುತ್ತೇನೆ, ನಂಬರ್ ಹೇಳಿ" ಎಂದು ವ್ಯಕ್ತಿ ತಾನೇ ಮುಂದಾಗಿ ಹೇಳುತ್ತಾನೆ. ಹುಡುಗ ಒಪ್ಪುತ್ತಾನೆ. ಇಲ್ಲಿ ಹುಡುಗನ ಕಣ್ಣು ಚುರುಕಾಗಿರಲಿಲ್ಲ ಎಂದು ಬೈಯುವುದು ಅನ್ಯಾಯ. ಹಣ ಪಡೆಯುವ ಜಾಗ ಒಂದು ಕಡೆ, ಹಣ ಬಂದುದನ್ನು ಕಾಣುವ ಜಾಗ ಇನ್ನೊಂದು ಕಡೆ ಇರುವಂತೆ ಏರ್ಪಾಟು ಮಾಡಿದ್ದು ಮಾಲೀಕರೇ, ಮತ್ತು ವಂಚಕ ಆರಿಸಿಕೊಂಡಿದ್ದು ಆ ಅಂತರವನ್ನೇ.

ಆದುದರಿಂದ ಮೊದಲು ಸರಿಪಡಿಸಬೇಕಾದದ್ದು ಆ ಅಂತರ. ಸೌಂಡ್‌ಬಾಕ್ಸ್ ಇದ್ದರೆ ಒಳ್ಳೆಯದು, ಏಕೆಂದರೆ ಅದು ತನ್ನದೇ ಸಿಮ್ ಮೂಲಕ ಪಾವತಿ ಸಂಸ್ಥೆಯ ಸರ್ವರ್‌ನಿಂದ ಸುದ್ದಿ ಪಡೆಯುತ್ತದೆ. ಗ್ರಾಹಕರ ಫೋನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಧ್ವನಿ ಪೆಟ್ಟಿಗೆಯಿಂದಲೇ ಬಂತೇ ಎಂದು ಗಮನಿಸುವುದನ್ನು ರೂಢಿಸಿಕೊಳ್ಳಬೇಕು, ಏಕೆಂದರೆ ಅದೇ ಬಗೆಯ ಘೋಷಣೆಯನ್ನು ಧ್ವನಿಮುದ್ರಿಸಿಕೊಂಡು ಫೋನಿನಿಂದ ನುಡಿಸುವುದು ಕಷ್ಟದ ಕೆಲಸವಲ್ಲ. ಪೆಟ್ಟಿಗೆ ಮೌನವಾಗಿದ್ದರೆ ಚಾರ್ಜ್ ಮುಗಿದಿದೆಯೋ, ನೆಟ್‌ವರ್ಕ್ ಇಲ್ಲವೋ, ಪಾವತಿಯೇ ಆಗಿಲ್ಲವೋ ಎಂಬುದು ಅದರಿಂದ ತಿಳಿಯದು. ಆಗ ವ್ಯಾಪಾರಿ ಆ್ಯಪ್ ತೆರೆದು ವಹಿವಾಟಿನ ಪಟ್ಟಿ ನೋಡಬೇಕು. ಅನೇಕ ವ್ಯಾಪಾರಿ ಆ್ಯಪ್‌ಗಳಲ್ಲಿ ಸಿಬ್ಬಂದಿಗೆ ಪ್ರತ್ಯೇಕ ಪ್ರವೇಶ ಕೊಡುವ ಅವಕಾಶವಿದೆ. ಇದರಿಂದ ಕೌಂಟರಿನಲ್ಲಿ ಇರುವವರು ಬಂದ ಹಣವನ್ನು ನೋಡಬಹುದು, ಆದರೆ ಅದನ್ನು ಬೇರೆ ಕಡೆಗೆ ಕಳಿಸಲಾಗುವುದಿಲ್ಲ. ಪಟ್ಟಿಯಲ್ಲಿ ನೋಡಬೇಕಾದದ್ದು ಮೊತ್ತ ಮತ್ತು ಸಮಯ ಎರಡನ್ನೂ. ಅರ್ಧ ಗಂಟೆ ಹಿಂದೆ ಬೇರೊಬ್ಬರು ಕೊಟ್ಟ ಅಷ್ಟೇ ಮೊತ್ತವನ್ನು ಇವರದ್ದೆಂದು ತಿಳಿಯುವ ಸಾಧ್ಯತೆ ಇದೆ.

ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ವ್ಯಾಪಾರಿ ಕ್ಯೂಆರ್ ಬಳಸುವ ಹಲವರಿಗೆ ಪ್ರತಿ ಪಾವತಿಗೂ ಬ್ಯಾಂಕಿನ ಎಸ್ಎಂಎಸ್ ಬರುವುದಿಲ್ಲ. ಇಡೀ ದಿನದ ಹಣ ಒಟ್ಟಾಗಿ ಖಾತೆಗೆ ಜಮೆಯಾಗುತ್ತದೆ. ಅಂಥವರು ಬ್ಯಾಂಕ್ ಬ್ಯಾಲೆನ್ಸ್ ನೋಡಿ ಪ್ರಯೋಜನವಿಲ್ಲ, ವ್ಯಾಪಾರಿ ಆ್ಯಪ್‌ನ ಪಟ್ಟಿಯನ್ನೇ ನೋಡಬೇಕು. ಎಸ್ಎಂಎಸ್ ಬಂದರೂ ಯಾರಿಂದ ಬಂದಿದೆ ಎಂಬುದನ್ನು ಗಮನಿಸಬೇಕು. ಹಣ ಜಮೆಯಾಗಿದೆ ಎಂಬ ಸಂದೇಶ ಸಾಮಾನ್ಯ 10 ಅಂಕಿಯ ಮೊಬೈಲ್ ಸಂಖ್ಯೆಯಿಂದ ಬಂದಿದ್ದರೆ ಅದನ್ನು ಯಾರೋ ಬೆರಳಲ್ಲಿ ಟೈಪ್ ಮಾಡಿದ್ದಾರೆ ಎಂದೇ ತಿಳಿಯಬೇಕು.

ಈ ನಕಲಿ ಎಸ್ಎಂಎಸ್ ಹೆಚ್ಚು ಬಳಕೆಯಾಗುವುದು "ತಪ್ಪಾಗಿ ಹೆಚ್ಚು ಕಳಿಸಿಬಿಟ್ಟೆ" ಎಂಬ ನಾಟಕದಲ್ಲಿ. ಫೋನಿನಲ್ಲಿ ಆರ್ಡರ್ ಕೊಟ್ಟವನು 1,000 ರೂಪಾಯಿಯ ಬದಲು 10,000 ಹೋಗಿದೆ, ಉಳಿದ 9,000ವನ್ನು ತಕ್ಷಣ ವಾಪಸ್ ಕಳಿಸಿ, ಆಸ್ಪತ್ರೆಯಲ್ಲಿದ್ದೇನೆ ಎನ್ನುತ್ತಾನೆ. ಹಣ ಬಂದೇ ಇಲ್ಲದಿದ್ದರೆ ಖಾತೆ ನೋಡಿದಾಕ್ಷಣ ಕಥೆ ಮುಗಿಯುತ್ತದೆ. ನಿಜವಾಗಿ ಬಂದಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದು ಬೇರೊಬ್ಬರಿಂದ ಕದ್ದ ಹಣವಾಗಿರಬಹುದು. ನೀವು ಅವನು ಹೇಳಿದ ಮೂರನೆಯ ಖಾತೆಗೆ ಕಳಿಸಿದರೆ ಹಣದ ಸರಪಳಿಯಲ್ಲಿ ನೀವೂ ಒಂದು ಕೊಂಡಿಯಾಗುತ್ತೀರಿ, ತನಿಖೆ ನಡೆದಾಗ ನಿಮ್ಮ ಖಾತೆ ಸ್ಥಗಿತವಾಗಬಹುದು. ನಿಮ್ಮ ಬ್ಯಾಂಕಿಗೆ ಕೂಡಲೇ ತಿಳಿಸಿ, ಅವನಿಗೂ ಅವನ ಬ್ಯಾಂಕಿನ ಮೂಲಕ ದೂರು ಕೊಡಲು ಹೇಳಿ ಸುಮ್ಮನಿರುವುದು ಸರಿಯಾದ ದಾರಿ. ದೊಡ್ಡ ಆರ್ಡರಿಗೆ ಮುಂಗಡ ಕೊಡುತ್ತೇನೆಂದು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರ ವಿಷಯಕ್ಕೆ ಹೆಚ್ಚು ಬರೆಯಬೇಕಿಲ್ಲ: ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ರಾತ್ರಿ ಇನ್ನೊಂದನ್ನು ಅಂಟಿಸಿ ಹೋಗುವ ಮೋಸದಲ್ಲಿ ಮಾತ್ರ ಗ್ರಾಹಕರು ಪ್ರಾಮಾಣಿಕರು, ಅವರ ಪರದೆಯೂ ನಿಜ, ಹಣ ಮಾತ್ರ ಬೇರೆಯವರಿಗೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಾವೇ ಸ್ಕ್ಯಾನ್ ಮಾಡಿ 1 ರೂಪಾಯಿ ಕಳಿಸಿ, ಅದು ನಮ್ಮ ಪಟ್ಟಿಗೆ ಬಂತೇ ಎಂದು ನೋಡಿದರೆ ಚೀಟಿ ಮತ್ತು ಸೌಂಡ್‌ಬಾಕ್ಸ್ ಎರಡರ ಪರೀಕ್ಷೆಯೂ ಒಟ್ಟಿಗೆ ಆಗುತ್ತದೆ.

ಸ್ಕ್ರೀನ್‌ಶಾಟ್ ಪರೀಕ್ಷೆ ಪೂರ್ತಿ ನಿರುಪಯುಕ್ತ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಜಾಗವಿರುವುದು ವ್ಯಾಪಾರ ಮುಗಿದ ಮೇಲೆ, ಲೆಕ್ಕ ತಾಳೆಯಾಗದಿದ್ದಾಗ. ಯುಪಿಐ ಪಾವತಿಗೆ 12 ಅಂಕಿಯ ಯುಟಿಆರ್ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ನಂತರದ ಮೂರು ಅಂಕಿಗಳು ಅದು ವರ್ಷದ ಎಷ್ಟನೆಯ ದಿನ ಎಂಬುದನ್ನು ಸೂಚಿಸುತ್ತವೆ. 2025ರ ಆಗಸ್ಟ್ 14 ಆ ವರ್ಷದ 226ನೆಯ ದಿನ. ಆ ದಿನದ ಸಂಖ್ಯೆ 5226 ಎಂದು ಆರಂಭವಾಗಬೇಕು. ಆ ದಿನಾಂಕದ ಸ್ಕ್ರೀನ್‌ಶಾಟಿನಲ್ಲಿ 5109 ಎಂದಿದ್ದರೆ, ಅದು 109ನೆಯ ದಿನ, ಅಂದರೆ ಏಪ್ರಿಲ್ 19ರ ಪಾವತಿಯನ್ನು ತಿದ್ದಿದ್ದಿರಬೇಕೆಂಬ ಬಲವಾದ ಅನುಮಾನಕ್ಕೆ ಕಾರಣವಾಗುತ್ತದೆ. ಆದರೆ ಅಂಕಿಗಳು ಹೊಂದಿದವೆಂದು ಪಾವತಿ ನಿಜವಾಗುವುದಿಲ್ಲ, ಏಕೆಂದರೆ ಬುದ್ಧಿವಂತ ವಂಚಕನಿಗೆ ಕ್ಯಾಲೆಂಡರ್ ನೋಡುವುದೇನೂ ಕಷ್ಟವಲ್ಲ. ಕೊನೆಯ ಮಾತು ಹೇಳಬಲ್ಲದ್ದು ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಆ ಸಂಖ್ಯೆ ಇದೆಯೇ ಇಲ್ಲವೇ ಎಂಬುದು ಮಾತ್ರ.

ಮೋಸವಾದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದರಲ್ಲೂ ವ್ಯತ್ಯಾಸವಿದೆ. ನಿಮ್ಮ ಖಾತೆಯಿಂದ ಹಣ ಹೊರಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು ಅಥವಾ cybercrime.gov.in ನಲ್ಲಿ ದೂರು ದಾಖಲಿಸಬೇಕು, ಏಕೆಂದರೆ ಹಣ ಮುಂದಿನ ಖಾತೆಗಳಿಗೆ ಸಾಗುವ ಮೊದಲು ಅದನ್ನು ತಡೆಹಿಡಿಯುವ ಪ್ರಯತ್ನ ಅಲ್ಲಿಂದ ನಡೆಯುತ್ತದೆ. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಒಯ್ದಿದ್ದರೆ ಯಾವ ಖಾತೆಯಲ್ಲೂ ಹಣ ಚಲಿಸಿಲ್ಲ, ತಡೆಹಿಡಿಯಲು ಏನೂ ಇಲ್ಲ. ಅದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆ, ಠಾಣೆಯಲ್ಲಿ ದೂರು ಕೊಡಬೇಕಾದ ವಿಷಯ. ಆಗ ಬೇಕಾಗುವುದು ಬಿಲ್ಲಿನ ಪ್ರತಿ, ಆ ಸಮಯದ ವಹಿವಾಟಿನ ಪಟ್ಟಿ, ಅವನು ಕಳಿಸಿದ್ದರೆ ಆ ಸ್ಕ್ರೀನ್‌ಶಾಟ್ ಮತ್ತು ಸಂಖ್ಯೆ, ಹಾಗೂ ಸಿಸಿಟಿವಿ ದೃಶ್ಯ. ದೃಶ್ಯವನ್ನು ಅದೇ ದಿನ ಬೇರೆಡೆಗೆ ಉಳಿಸಿಕೊಳ್ಳಿ. ಸಣ್ಣ ಅಂಗಡಿಗಳ ರೆಕಾರ್ಡರ್‌ಗಳು ಜಾಗ ತುಂಬಿದ ಹಾಗೆ ಹಳೆಯದನ್ನು ಅಳಿಸುತ್ತಾ ಹೋಗುತ್ತವೆ, ಮತ್ತು ತಿಂಗಳ ಕೊನೆಯಲ್ಲಿ ಲೆಕ್ಕ ನೋಡುವವರಿಗೆ ಮೋಸ ತಿಳಿಯುವ ಹೊತ್ತಿಗೆ ಆ ಸಂಜೆಯ ದೃಶ್ಯ ಅದರಲ್ಲಿ ಉಳಿದಿರುವುದಿಲ್ಲ.